ಮತ್ತೆ ಕೇಳುವ ಮುನ್ನ ಎಷ್ಟು ಕಾಯಬೇಕು?

2015ರ ಸೆಪ್ಟೆಂಬರ್ 20, ಭಾನುವಾರ. ಅಮೆರಿಕದ ವರ್ಜೀನಿಯಾದಲ್ಲಿ ಅಮೆಜಾನ್ ಕಂಪನಿ ನಡೆಸುವ ಡೇಟಾ ಸೆಂಟರ್‌ಗಳ ನೆಟ್‌ವರ್ಕ್ ನಸುಕಿನಲ್ಲಿ ಸ್ವಲ್ಪ ಹೊತ್ತು ಕೈಕೊಟ್ಟಿತು, ಬೇಗನೆ ಸರಿಯೂ ಆಯಿತು. ಆದರೆ ಅಲ್ಲಿನ ಡೈನಮೊಡಿಬಿ ಎಂಬ ಡೇಟಾಬೇಸ್ ಸೇವೆ ಚೇತರಿಸಿಕೊಳ್ಳಲು ಹೆಚ್ಚುಕಡಿಮೆ ಐದು ಗಂಟೆ ಹಿಡಿಯಿತು.

ನಡೆದದ್ದಿಷ್ಟು. ಡೇಟಾ ಇಟ್ಟುಕೊಳ್ಳುವ ಸರ್ವರ್‌ಗಳು, ತಮ್ಮ ಪಾಲಿಗೆ ಯಾವ ಭಾಗ ಬಂದಿದೆ ಎಂಬುದನ್ನು ಆಗಾಗ ಒಂದು ಒಳಸೇವೆಯನ್ನು ಕೇಳಿ ತಿಳಿದುಕೊಳ್ಳುತ್ತವೆ. ನೆಟ್‌ವರ್ಕ್ ಮರಳಿದ ಕೂಡಲೇ ಬಹಳಷ್ಟು ಸರ್ವರ್‌ಗಳು ಒಮ್ಮೆಲೇ ಕೇಳಿದವು. ಕೊಡಬೇಕಾದ ಮಾಹಿತಿಯ ಗಾತ್ರ ಹಿಂದಿನ ತಿಂಗಳುಗಳಲ್ಲಿ ಬೆಳೆದಿದ್ದರಿಂದ ನಿಗದಿತ ಸಮಯದೊಳಗೆ ಉತ್ತರ ಬರಲಿಲ್ಲ. ಬರಲಿಲ್ಲವೆಂದು ಅವು ಮತ್ತೆ ಕೇಳಿದವು. ಈ ಮರುಕೋರಿಕೆಗಳ ಒತ್ತಡದಲ್ಲಿ ಒಳಸೇವೆ ಎಷ್ಟು ಮುಳುಗಿತ್ತೆಂದರೆ, ಅದಕ್ಕೆ ಹೆಚ್ಚುವರಿ ಯಂತ್ರ ಜೋಡಿಸುವ ಆದೇಶವನ್ನೂ ತೆಗೆದುಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಕೊನೆಗೆ ಎಂಜಿನಿಯರ್‌ಗಳು ಕೋರಿಕೆಗಳನ್ನೇ ತಡೆದು ನಿಲ್ಲಿಸಿ, ಯಂತ್ರಗಳನ್ನು ಸೇರಿಸಿ, ಆಮೇಲೆ ಬಾಗಿಲು ತೆರೆದರು. ಮೂಲ ತೊಂದರೆ ಹೋಗಿ ಎಷ್ಟೋ ಹೊತ್ತಾಗಿತ್ತು. ಅಷ್ಟು ಹೊತ್ತು ಸೇವೆಯನ್ನು ಏಳಗೊಡದೆ ಇದ್ದದ್ದು ಮತ್ತೆ ಮತ್ತೆ ಕೇಳುವ ಚಾಳಿ.

ನಮ್ಮ ಮೊಬೈಲಿನ ಪ್ರತಿಯೊಂದು ಆ್ಯಪ್‌ನಲ್ಲೂ ಈ ಚಾಳಿ ಇದೆ, ಇರಲೂಬೇಕು. ಸಿಗ್ನಲ್ ಒಂದು ಕ್ಷಣ ಹೋಯಿತೆಂದು ಬ್ಯಾಂಕಿನ ಆ್ಯಪ್ ಕೈಚೆಲ್ಲಿದರೆ ಯಾರಿಗೂ ಸೇರದು. ಪ್ರಶ್ನೆ ಇರುವುದು ಎಷ್ಟು ಕಾದು ಕೇಳಬೇಕು ಎಂಬುದರಲ್ಲಿ. ಮೊದಲ ಸಲ ಸೋತರೆ 1 ಸೆಕೆಂಡ್, ಮತ್ತೆ ಸೋತರೆ 2, ಆಮೇಲೆ 4, 8, 16. ಹೀಗೆ ಪ್ರತಿ ಸೋಲಿಗೂ ಕಾಯುವ ಸಮಯವನ್ನು ದುಪ್ಪಟ್ಟು ಮಾಡುವ ಕ್ರಮಕ್ಕೆ ಎಕ್ಸ್‌ಪೊನೆನ್ಷಿಯಲ್ ಬ್ಯಾಕ್‌ಆಫ್ ಎನ್ನುತ್ತಾರೆ. ಸರ್ವರ್ ಹೊತ್ತಿರುವ ಭಾರ ಎಷ್ಟೆಂದು ಕೇಳುವವನಿಗೆ ಗೊತ್ತಿಲ್ಲ; ಗೊತ್ತಿರುವುದು ತನ್ನ ಸೋಲುಗಳ ಎಣಿಕೆಯೊಂದೇ. ಸೋಲು ಹೆಚ್ಚಿದಷ್ಟೂ ಹಿಂದೆ ಸರಿಯುತ್ತಾನೆ.

ಕೇಳಲು ಸಾಕೆನಿಸುತ್ತದೆ. ಸಾಕೇ ಎಂದು ಲೆಕ್ಕ ಹಾಕಿ ನೋಡೋಣ.

ಒಂದು ಸರ್ವರ್ ಸೆಕೆಂಡಿಗೆ 100 ಕೋರಿಕೆಗಳಿಗೆ ಉತ್ತರಿಸಬಲ್ಲದು, ಉಳಿದವನ್ನು ‘ಈಗ ಆಗದು’ ಎಂದು ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ಅದು ಕ್ಷಣಕಾಲ ನಿಂತು ಮತ್ತೆ ಎದ್ದಾಗ 1000 ಫೋನ್‌ಗಳು ಒಟ್ಟಿಗೆ ಬಾಗಿಲು ಬಡಿಯುತ್ತವೆ. 100 ಫೋನ್‌ಗಳ ಕೆಲಸ ಆಯಿತು. ಉಳಿದ 900 ಫೋನ್‌ಗಳು ಒಂದೇ ಕ್ಷಣದಲ್ಲಿ ಸೋತವು, ಒಂದೇ ಸೂತ್ರ ಹಿಡಿದು ಕಾದವು, ಆದ್ದರಿಂದ 1 ಸೆಕೆಂಡ್ ಆದ ಮೇಲೆ ಒಟ್ಟಿಗೇ ಮರಳಿದವು. ಮತ್ತೆ 100ಕ್ಕೆ ಉತ್ತರ, 800 ವಾಪಸ್. ಆ 800 ಮತ್ತೆ ಬರುವುದು 3ನೇ ಸೆಕೆಂಡಿಗೆ, ಆಮೇಲೆ 7, 15, 31 ಹೀಗೆ. ಕೊನೆಯ 100 ಫೋನ್‌ಗಳಿಗೆ ಉತ್ತರ ಸಿಗುವುದು 511ನೇ ಸೆಕೆಂಡಿನಲ್ಲಿ, ಎಂದರೆ ಎಂಟೂವರೆ ನಿಮಿಷ ಕಳೆದ ಮೇಲೆ. ಸರ್ವರ್‌ಗೆ ಇದ್ದದ್ದು ಬರೀ 10 ಸೆಕೆಂಡಿನ ಕೆಲಸ! ಮಿಕ್ಕ ಹೊತ್ತೆಲ್ಲ ಅದು ಕೈಕಟ್ಟಿ ಕೂತಿತ್ತು, ಗುಂಪು ಬಂದಾಗ ಮಾತ್ರ ಉಸಿರುಗಟ್ಟಿತು. ಕಾಯುವ ಸಮಯಕ್ಕೆ 30 ಸೆಕೆಂಡಿನ ಮಿತಿ ಹಾಕಿದರೂ 151 ಸೆಕೆಂಡ್ ಬೇಕು.

ದುಪ್ಪಟ್ಟು ಮಾಡುವುದರಿಂದ ಗುಂಪು ತಡವಾಗಿ ಬರುತ್ತದೆಯೇ ಹೊರತು ಚದುರುವುದಿಲ್ಲ. ಚದುರಿಸಲು ಬೇಕಾದದ್ದು ಜಿಟರ್, ಅಂದರೆ ಕಾಯುವ ಸಮಯದಲ್ಲಿ ಬೇಕೆಂದೇ ಬೆರೆಸಿದ ಅನಿಶ್ಚಿತತೆ. ಸರಿಯಾಗಿ 4 ಸೆಕೆಂಡ್ ಕಾಯುವ ಬದಲು, 0ಯಿಂದ 4ರ ನಡುವೆ ಯಾವುದೋ ಒಂದು ಸಂಖ್ಯೆಯನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಂಡು ಅಷ್ಟು ಹೊತ್ತು ಕಾಯುವುದು. ಪೈಥಾನ್‌ನಲ್ಲಿ ಇದು ಎರಡೇ ಸಾಲು:

```python
limit = min(30, 2 ** attempt)
time.sleep(random.uniform(0, limit))
```

`attempt` ಮೊದಲ ಸೋಲಿಗೆ 0, ಎರಡನೆಯದಕ್ಕೆ 1. ಮೇಲಿನ ಲೆಕ್ಕಕ್ಕೆ ಇದನ್ನು ಹಚ್ಚಿದರೆ, ಮೊದಲ ಒಂದೆರಡು ಸುತ್ತಿನಲ್ಲಿ ನೂಕುನುಗ್ಗಲು ಇದ್ದೇ ಇರುತ್ತದೆ. ಆದರೆ ಕಿಟಕಿ 4, 8 ಸೆಕೆಂಡಿಗೆ ಅಗಲವಾಗುವ ಹೊತ್ತಿಗೆ ಉಳಿದ ಕೆಲವು ನೂರು ಫೋನ್‌ಗಳು ಅದರುದ್ದಕ್ಕೂ ಹರಡಿಕೊಂಡು, ಸರ್ವರ್ ನಿಭಾಯಿಸಬಲ್ಲ ವೇಗಕ್ಕಿಂತ ಕೆಳಗೆ ಇಳಿಯುತ್ತವೆ. ಅಂದಾಜಿನಲ್ಲಿ ಹತ್ತು ಹದಿನೈದು ಸೆಕೆಂಡಿಗೆ ಎಲ್ಲರ ಕೆಲಸ ಮುಗಿದಿರುತ್ತದೆ. 0 ಎಂಬ ಸಂಖ್ಯೆಯೂ ಬರಬಹುದಲ್ಲ, ಯಾರೋ ಒಬ್ಬ ಕಾಯದೇ ನುಗ್ಗಿಬಿಡುವುದಿಲ್ಲವೇ ಎಂದು ಕೆಲವರಿಗೆ ಕಸಿವಿಸಿ. ನುಗ್ಗಲಿ, ಸರ್ವರ್‌ಗೆ ಏಟು ಬೀಳುವುದು ಸಾವಿರ ಮಂದಿ ಒಟ್ಟಿಗೆ ನುಗ್ಗಿದಾಗ. ಅಮೆಜಾನ್‌ನ ಎಂಜಿನಿಯರ್ ಮಾರ್ಕ್ ಬ್ರೂಕರ್ 2015ರಲ್ಲಿ ಕಂಪ್ಯೂಟರಿನಲ್ಲಿ ಅಣಕು ಪ್ರಯೋಗ ನಡೆಸಿ ತೋರಿಸಿದ್ದೂ ಇದನ್ನೇ: ದುಪ್ಪಟ್ಟು ಮಾತ್ರ ಇದ್ದಾಗ ಕೋರಿಕೆಗಳು ಗುಪ್ಪೆಗುಪ್ಪೆಯಾಗಿಯೇ ಉಳಿದವು, ಜಿಟರ್ ಸೇರಿದಾಗ ಕರೆಗಳ ಒಟ್ಟು ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು.

ಸೋಜಿಗವೆಂದರೆ ಇದು ಹೊಸ ಜ್ಞಾನವೇನಲ್ಲ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ತಂಡ ಕಟ್ಟಿದ ಅಲೋಹಾನೆಟ್‌ನಲ್ಲಿ, ಎರಡು ರೇಡಿಯೋ ಸಂದೇಶಗಳು ಡಿಕ್ಕಿಯಾದರೆ ಇಬ್ಬರೂ ಮನಬಂದಷ್ಟು ಹೊತ್ತು ಕಾದು ಮತ್ತೆ ಕಳುಹಿಸುತ್ತಿದ್ದರು. ಅದರ ಬೆನ್ನಿಗೆ ಬಂದ ಈಥರ್‌ನೆಟ್, ಪ್ರತಿ ಡಿಕ್ಕಿಗೂ ಆ ಸಮಯದ ಮಿತಿಯನ್ನು ದುಪ್ಪಟ್ಟು ಮಾಡಿತು, 16 ಸಲ ಸೋತರೆ ಕೈಬಿಡುವ ನಿಯಮವನ್ನೂ ಇಟ್ಟುಕೊಂಡಿತು. ಚದುರುವುದು, ದುಪ್ಪಟ್ಟಾಗುವುದು, ಕೈಬಿಡುವುದು ಮೂರೂ ಅಲ್ಲಿ ಒಟ್ಟಿಗಿದ್ದವು. ಆಮೇಲೆ ಸಾಫ್ಟ್‌ವೇರ್ ಬರೆದವರಲ್ಲಿ ಅನೇಕರು ದುಪ್ಪಟ್ಟನ್ನು ಮಾತ್ರ ಎತ್ತಿಕೊಂಡು ಉಳಿದೆರಡನ್ನು ಅಲ್ಲೇ ಬಿಟ್ಟು ಬಂದರು.

ಕೈಬಿಡುವ ವಿಷಯಕ್ಕೆ ಬಂದರೆ, ಎಲ್ಲ ಸೋಲೂ ಮತ್ತೆ ಕೇಳಲು ಯೋಗ್ಯವಲ್ಲ. ಸರ್ವರ್ 404 ಎಂದರೆ ಕೇಳಿದ ವಸ್ತು ಅಲ್ಲಿಲ್ಲ, ಹತ್ತು ಸಲ ಕೇಳಿದರೂ ಇಲ್ಲ. 503 ಅಂದರೆ ಸದ್ಯಕ್ಕೆ ಆಗದು, 429 ಅಂದರೆ ನೀನು ತುಂಬಾ ಕೇಳುತ್ತಿದ್ದೀಯ. ಈ ಎರಡರ ಜೊತೆ `Retry-After` ಎಂಬ ಸಾಲು ಬಂದರೆ, ಎಷ್ಟು ಹೊತ್ತು ಬಿಟ್ಟು ಬಾ ಎಂದು ಸರ್ವರ್ ತಾನೇ ಹೇಳಿದ ಹಾಗೆ; ಆಗ ನಮ್ಮ ಸೂತ್ರಕ್ಕಿಂತ ಆ ಮಾತು ದೊಡ್ಡದು. ಹಣ ಕಳಿಸುವಂಥ ಕೋರಿಕೆಯಾದರೆ ಇನ್ನೊಂದು ಎಚ್ಚರ ಬೇಕು. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಕೆಲಸ ಆಗಿಲ್ಲ ಎಂದಲ್ಲ. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಕೋರಿಕೆ ಎರಡನೇ ಸಲ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡುವಂತೆ ಮಾಡದಿದ್ದರೆ, ಖಾತೆಯಿಂದ ಎರಡು ಸಲ ದುಡ್ಡು ಹೋದೀತು.

ಬ್ಯಾಕ್‌ಆಫ್ ಮತ್ತು ಜಿಟರ್ ಎರಡೂ ಸೋಲುವ ಜಾಗ ಒಂದಿದೆ. ಮೇಲಿನ ಲೆಕ್ಕದಲ್ಲಿ ಗುಂಪು ಸಾವಿರಕ್ಕೇ ನಿಂತಿತ್ತು. ಪರೀಕ್ಷೆಯ ಫಲಿತಾಂಶದ ದಿನ ಹಾಗಲ್ಲ, ಪ್ರತಿ ಸೆಕೆಂಡೂ ಹೊಸಬರು ಬರುತ್ತಲೇ ಇರುತ್ತಾರೆ. ಹೊಸಬರ ಮೊದಲ ಕೋರಿಕೆಗೆ ಯಾವ ಕಾಯುವಿಕೆಯೂ ಇಲ್ಲ, ಹಳಬರ ಮರುಕೋರಿಕೆ ಅದರ ಮೇಲೆ ಬಂದು ಕೂರುತ್ತದೆ. ಇದರ ಜೊತೆಗೆ ಫೋನ್, ನಡುವಿನ ಸರ್ವರ್, ಅದರ ಹಿಂದಿನ ಸೇವೆ ಮೂರೂ ತಲಾ ಮೂರು ಸಲ ಪ್ರಯತ್ನಿಸುವಂತಿದ್ದರೆ, ಒಬ್ಬ ಹುಡುಗಿಯ ಒಂದು ಕ್ಲಿಕ್ ಡೇಟಾಬೇಸ್ ತಲುಪುವಷ್ಟರಲ್ಲಿ 27 ಆಗಬಹುದು. ಆದ್ದರಿಂದ ಮತ್ತೆ ಕೇಳುವ ಹಕ್ಕನ್ನು ಒಂದೇ ಹಂತಕ್ಕೆ ಕೊಡುವುದು ಒಳ್ಳೆಯದು. ಜೊತೆಗೆ ಅದಕ್ಕೊಂದು ಬಜೆಟ್ ಹಾಕಬೇಕು. ಗೂಗಲ್ ತನ್ನ ಎಂಜಿನಿಯರ್‌ಗಳ ಕ್ರಮವನ್ನು ವಿವರಿಸಿ 2016ರಲ್ಲಿ ಹೊರತಂದ ಪುಸ್ತಕದಲ್ಲಿ, ಒಟ್ಟು ಕೋರಿಕೆಗಳಲ್ಲಿ ಮರುಕೋರಿಕೆಗಳ ಪಾಲು ಶೇಕಡಾ 10 ದಾಟಕೂಡದು ಎಂಬ ಮಿತಿಯಿದೆ. ದಾಟಿದರೆ ಮತ್ತೆ ಕೇಳದೆ, ಸೋಲನ್ನು ಬಳಕೆದಾರನಿಗೆ ನೇರವಾಗಿ ತೋರಿಸುವುದು.

ತೋರಿಸುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಸುಮ್ಮನೆ ತಿರುಗುವ ಚಕ್ರ ಕಂಡರೆ ಜನ ರಿಫ್ರೆಶ್ ಒತ್ತುತ್ತಾರೆ. ಒತ್ತಿದಾಗಲೆಲ್ಲ `attempt` ಮತ್ತೆ 0ಯಿಂದ ಶುರುವಾಗುತ್ತದೆ, ಅಷ್ಟು ಜೋಪಾನದಿಂದ ಬರೆದ ಎರಡು ಸಾಲು ವ್ಯರ್ಥ. ‘ಇನ್ನು 12 ಸೆಕೆಂಡಿನಲ್ಲಿ ನಾವೇ ಮತ್ತೆ ಪ್ರಯತ್ನಿಸುತ್ತೇವೆ’ ಎಂದು ಬರೆದು, ಅಷ್ಟು ಹೊತ್ತು ಬಟನ್ ಕೆಲಸ ಮಾಡದಂತೆ ಇಡುವುದು ಆ್ಯಪ್ ಬರೆಯುವವರ ಕೈಯಲ್ಲೇ ಇದೆ.