ಹತ್ತು ನಿಮಿಷದ ಮಾತು, ಆರು ಸಾಲಿನ ಪಟ್ಟಿ

ಪವರ್ ಪ್ರೆಸ್ ಇರುವ ಕಾರ್ಖಾನೆಗಳಲ್ಲಿ ಶಿಫ್ಟ್ ಶುರುವಾಗುವ ಮುನ್ನ ಸೂಪರ್‌ವೈಸರ್ ಸುರಕ್ಷತೆಯ ನಾಲ್ಕು ಮಾತು ಹೇಳುವುದುಂಟು. ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟರೂ ಯಂತ್ರದ ಮುಂದೆ ನಿಂತವನು ಕೇಳುತ್ತಾ ಕೂರಲಾರ. ಅವನಿಗೆ ಬೇಕಾದದ್ದು ಯಂತ್ರದ ಪಕ್ಕದಲ್ಲೇ ಅಂಟಿಸಬಹುದಾದ ಚಿಕ್ಕ ಪಟ್ಟಿ.

ಡೈ ನಡುವೆ ಪೀಸ್ ಸಿಕ್ಕಿಕೊಂಡಾಗ ಏನು ಮಾಡಬೇಕೆಂಬ ಮಾತು ರೆಕಾರ್ಡಿಂಗ್‌ನಲ್ಲಿ ಹೀಗಿದೆ ಎಂದುಕೊಳ್ಳೋಣ: “ಮೋಟಾರ್ ಆಫ್ ಮಾಡಿದ್ದೆ ಅಂತ ಕೈ ಹಾಕ್ಬೇಡ್ರಪ್ಪ. ಆಫ್ ಆದ್ಮೇಲೂ ಫ್ಲೈವೀಲ್ ತಿರುಗ್ತಾನೇ ಇರುತ್ತೆ, ಸ್ವಲ್ಪ ಹೊತ್ತು ಬಿಡಿ. ಆಮೇಲೆ ಬ್ಲಾಕ್ ಇಡಿ. ಹಾಂ, ಅದಕ್ಕೂ ಮುಂಚೆ ಮೇನ್ ಸ್ವಿಚ್‌ಗೆ ಬೀಗ ಹಾಕಿ, ಕೀ ನಿಮ್ಮ ಜೇಬಲ್ಲೇ ಇರ್ಲಿ. ಪೀಸ್ ತೆಗೆಯೋಕೆ ಇಕ್ಕಳ ಇದೆಯಲ್ಲ. ರ‍್ಯಾಮ್ ಕೆಳಗೇ ಕೂತ್ಬಿಟ್ಟಿದ್ರೆ ಮಾತ್ರ ನೀವು ಮುಟ್ಬೇಡಿ, ಡೈ ಸೆಟ್ಟರ್‌ನ ಕರೀರಿ.”

ಮೊದಲ ಸಲ ಸುಮ್ಮನೆ ಕೇಳಬೇಕು. ಎರಡನೇ ಸಲ ಕೈ ಮತ್ತು ಕಣ್ಣು ಮಾಡಬೇಕಾದ ಕೆಲಸವನ್ನಷ್ಟೇ ಬರೆದುಕೊಳ್ಳಬೇಕು. ಕಾರಣಗಳು ಮಾತಿನಲ್ಲೇ ಇರಲಿ. ಪಟ್ಟಿಗೆ ಅವು ಭಾರ.

ಇಲ್ಲಿ ದೊಡ್ಡ ಅಪಾಯವಿರುವುದು ಕ್ರಮದಲ್ಲಿ. ಹೇಳುವವರು ನೆನಪಾದಂತೆ ಹೇಳುತ್ತಾರೆ. ಬೀಗದ ಮಾತು ಬ್ಲಾಕ್ ಆದಮೇಲೆ ಬಂತು, ಆದರೆ ಮಾಡಬೇಕಾದದ್ದು ಮೊದಲು. ಕೇಳಿದ ಕ್ರಮದಲ್ಲೇ ಇಳಿಸಿಕೊಂಡರೆ, ಬೇರೆ ಯಾರೋ ಸ್ವಿಚ್ ಹಾಕಬಹುದಾದ ಹೊತ್ತಿನಲ್ಲೇ ಕೆಲಸಗಾರ ರ‍್ಯಾಮ್ ಕೆಳಗೆ ಕೈ ಚಾಚಿರುತ್ತಾನೆ. ‘ಮುಂಚೆ’, ‘ಆಮೇಲೆ’, ‘ಮಾತ್ರ’ ಎಂಬ ಮಾತು ಬಂದಲ್ಲೆಲ್ಲ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಕೇಳಬೇಕು.

ಇನ್ನೊಂದು ತೊಡಕು ‘ಸ್ವಲ್ಪ ಹೊತ್ತು’. ಒಬ್ಬನಿಗೆ ಅದು ಅರ್ಧ ನಿಮಿಷ, ಇನ್ನೊಬ್ಬನಿಗೆ ಎರಡು ನಿಮಿಷ. ಬರೆಯುವವರು ತಾವೇ ಒಂದು ಅಂಕಿ ಸೇರಿಸಬಾರದು, ಹೇಳಿದವರನ್ನೇ ಕೇಳಬೇಕು. ಕೇಳಿದರೆ, ಗಡಿಯಾರ ಬೇಡ, ಚಕ್ರ ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಬೇಕು ಎಂಬ ಉತ್ತರ ಸಿಗುತ್ತದೆ. ಕೆಲಸ ಮುಗಿದ ಮೇಲೆ ಏನು ಮಾಡಬೇಕೆಂಬುದೂ ಮಾತಿನಲ್ಲಿ ಇರಲಿಲ್ಲ; ಅದನ್ನೂ ಕೇಳಿಯೇ ಸೇರಿಸಬೇಕು. ಆಗ ಪಟ್ಟಿ ಹೀಗಾಗುತ್ತದೆ:

1. ರ‍್ಯಾಮ್ ಕೆಳಗೇ ಕೂತಿದೆಯೇ? ಮುಟ್ಟಬೇಡಿ, ಡೈ ಸೆಟ್ಟರ್ ಕರೆಯಿರಿ.
2. ಮೋಟಾರ್ ಆಫ್ ಮಾಡಿ. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ. ಕೀ ನಿಮ್ಮ ಜೇಬಿನಲ್ಲಿ.
3. ಫ್ಲೈವೀಲ್ ಪೂರ್ತಿ ನಿಂತದ್ದನ್ನು ನೋಡಿ.
4. ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಡಿ.
5. ಪೀಸನ್ನು ಇಕ್ಕಳದಿಂದಲೇ ತೆಗೆಯಿರಿ.
6. ಇಕ್ಕಳ, ಬ್ಲಾಕ್ ಹೊರಗೆ. ಗಾರ್ಡ್ ಹಾಕಿ. ಕೊನೆಗೆ ಬೀಗ ತೆಗೆಯಿರಿ.

ಮಾತಿನ ಕೊನೆಯಲ್ಲಿದ್ದ ಡೈ ಸೆಟ್ಟರ್ ಸಂಗತಿ ಇಲ್ಲಿ ಮೊದಲ ಸಾಲಿಗೆ ಏರಿದೆ. ಕೆಲಸಕ್ಕೆ ಕೈ ಹಚ್ಚಲೇಬಾರದೆಂಬ ಸೂಚನೆ ಕೈ ಹಚ್ಚಿದ ಮೇಲೆ ಕಣ್ಣಿಗೆ ಬಿದ್ದರೆ ಪ್ರಯೋಜನವಿಲ್ಲ.

ಅಂಟಿಸುವ ಮುನ್ನ ಪಟ್ಟಿಯನ್ನು ಸೂಪರ್‌ವೈಸರ್‌ಗೆ ತೋರಿಸಿ. ಆಮೇಲೆ ಆ ಪ್ರೆಸ್ಸಿನಲ್ಲೇ ದುಡಿಯುವ, ಆದರೆ ಅಂದಿನ ಮಾತು ಕೇಳದ ಒಬ್ಬರ ಕೈಗೆ ಕೊಟ್ಟು, ನಿಂತ ಯಂತ್ರದ ಮುಂದೆ ಪ್ರತಿ ಸಾಲಿಗೂ ಎಲ್ಲಿ ಏನು ಮಾಡುತ್ತೀರೆಂದು ತೋರಿಸಲು ಹೇಳಿ. ಅವರು “ಯಾವ ಬ್ಲಾಕು?” ಎಂದು ಕೇಳಿದರೆ ನಾಲ್ಕನೇ ಸಾಲನ್ನು ಇನ್ನೂ ತಿದ್ದಬೇಕು.