ಬೆರಳು ಅದಲುಬದಲಾದರೆ ತಂತಿ ಎತ್ತ ಸರಿಯುತ್ತದೆ?

ಮೇಜಿನ ಮೇಲಿನ ತಂತಿಯಲ್ಲಿ ವಿದ್ಯುತ್ ಪೂರ್ವಕ್ಕೆ ಹರಿಯುತ್ತಿದೆ, ಕಾಂತಕ್ಷೇತ್ರ ಉತ್ತರಕ್ಕಿದೆ. ತಂತಿಯ ಮೇಲಿನ ಬಲ ಯಾವ ಕಡೆಗೆ? ಹತ್ತನೇ ತರಗತಿಯ ವಿಜ್ಞಾನದಲ್ಲಿ ಇಂಥ ಪ್ರಶ್ನೆಗಳು ಸಾಮಾನ್ಯ. ಫ್ಲೆಮಿಂಗ್‌ನ ಎಡಗೈ ನಿಯಮದಲ್ಲಿ ತೋರುಬೆರಳು ಕ್ಷೇತ್ರಕ್ಕೆ, ಮಧ್ಯದ ಬೆರಳು ಪ್ರವಾಹಕ್ಕೆ, ಹೆಬ್ಬೆರಳು ಬಲಕ್ಕೆ. ಹಾಗೆ ಹಿಡಿದರೆ ಹೆಬ್ಬೆರಳು ಮೇಲಕ್ಕೆ ನಿಲ್ಲುತ್ತದೆ, ಅದೇ ಸರಿಯುತ್ತರ.

ತೋರುಬೆರಳನ್ನು ಪ್ರವಾಹಕ್ಕೂ ಮಧ್ಯದ ಬೆರಳನ್ನು ಕ್ಷೇತ್ರಕ್ಕೂ ಕೊಟ್ಟರೆ ಹೆಬ್ಬೆರಳು ಕೆಳಮುಖವಾಗುತ್ತದೆ. ಬಲ ಆಗಲೂ ಎರಡಕ್ಕೂ ಲಂಬವಾಗಿಯೇ ಇರುವುದರಿಂದ ಉತ್ತರ ಅಸಂಬದ್ಧವಾಗಿ ಕಾಣುವುದಿಲ್ಲ. ಬಲದ ಪ್ರಮಾಣವೂ ಸುಳಿವು ಕೊಡದು: 0.3 ಟೆಸ್ಲಾ ಕ್ಷೇತ್ರದಲ್ಲಿ 2 ಆಂಪಿಯರ್ ಹರಿಯುವ ಅರ್ಧ ಮೀಟರ್ ತಂತಿಗೆ ದಿಕ್ಕು ಯಾವುದಾದರೂ 0.3 ನ್ಯೂಟನ್ನೇ.

ಇನ್ನೊಂದು ತೊಡಕು ಹೆಚ್ಚು ಗಮನಾರ್ಹ. ಇದೇ ಅದಲುಬದಲನ್ನು ಬಲಗೈಯಲ್ಲಿ ಮಾಡಿದರೆ ಎರಡು ತಪ್ಪುಗಳು ಒಂದನ್ನೊಂದು ಅಳಿಸಿ ಉತ್ತರ ಸರಿಯಾಗುತ್ತದೆ! ಮೂರೂ ಬೆರಳುಗಳ ಕೆಲಸವನ್ನು ಎಡಗೈಯಲ್ಲೇ ಒಂದೊಂದು ಸ್ಥಾನ ಸರಿಸಿ, ಹೆಬ್ಬೆರಳಿಗೆ ಕ್ಷೇತ್ರ, ತೋರುಬೆರಳಿಗೆ ಪ್ರವಾಹ, ಮಧ್ಯದ ಬೆರಳಿಗೆ ಬಲ ಕೊಟ್ಟರೂ ಅಷ್ಟೇ. ಹೀಗಾಗಿ ಒಂದು ಪ್ರಶ್ನೆ ಸರಿಹೋಯಿತೆಂದು ಶಿಕ್ಷಕರು ಮುಂದೆ ಹೋಗಬಾರದು. ಯಾವ ಬೆರಳು ಏನನ್ನು ಸೂಚಿಸುತ್ತದೆ ಎಂದು ಬಾಯಿಬಿಟ್ಟು ಹೇಳಿಸಬೇಕು.

ಬೆರಳಿಲ್ಲದೆಯೂ ಪರೀಕ್ಷಿಸಬಹುದು. ಮೇಲಿನಿಂದ ನೋಡುತ್ತಾ ಪ್ರವಾಹದ ದಿಕ್ಕಿನಿಂದ ಕ್ಷೇತ್ರದ ದಿಕ್ಕಿಗೆ ಹತ್ತಿರದ ದಾರಿಯಲ್ಲಿ ತಿರುಗಿಸಿ. ಪೂರ್ವದಿಂದ ಉತ್ತರಕ್ಕೆ ತಿರುಗುವುದು ಬಾಟಲಿಯ ಮುಚ್ಚಳ ಬಿಚ್ಚುವ ದಿಕ್ಕು. ಮುಚ್ಚಳ ಮೇಲೇಳುತ್ತದೆ, ಬಲವೂ ಮೇಲಕ್ಕೆ. ತಂತಿಯ ಬದಲು ಎಲೆಕ್ಟ್ರಾನ್ ಇದ್ದರೆ ಮಾತ್ರ ಅದರ ಚಲನೆಗೆ ವಿರುದ್ಧ ದಿಕ್ಕನ್ನು ಪ್ರವಾಹವೆಂದು ಹಿಡಿಯಬೇಕು.