ಹಳೆ ಗಿಟಾರ್ ಕೊಳ್ಳುವಾಗ ಮೊದಲು ಶ್ರುತಿ ಏರಿಸಿ

ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಗಳು, ಮನೆ ಬದಲಿಸುವವರು, ಕಲಿಯುವ ಆಸೆಯಿಂದ ಕೊಂಡು ಆರು ತಿಂಗಳಿಗೇ ಬಿಟ್ಟವರು. ಬೆಂಗಳೂರಿನಂಥ ನಗರದಲ್ಲಿ ಹಳೆ ಅಕೌಸ್ಟಿಕ್ ಗಿಟಾರ್ ಸಿಗುವುದು ಹೆಚ್ಚಾಗಿ ಇಂಥವರ ಬಳಿ. ಮೂಲೆಯಲ್ಲಿ ನಿಂತಿದ್ದ ವಾದ್ಯದ ತಂತಿಗಳು ಸಡಿಲಗೊಂಡು ಶ್ರುತಿ ಇಳಿದಿರುತ್ತದೆ. ಹಾಗಿದ್ದಾಗಲೇ ನುಡಿಸಿ ನೋಡಿದರೆ ತಂತಿ ಮೆತ್ತಗೆ ಒತ್ತುತ್ತದೆ, ಬೆರಳು ನೋಯುವುದಿಲ್ಲ, ಕೊಳ್ಳುವವರಿಗೆ ಖುಷಿಯಾಗುತ್ತದೆ. ಆದರೆ ಆ ಸ್ಥಿತಿಯಲ್ಲಿ ಗಿಟಾರ್ ತನ್ನ ದೋಷವನ್ನು ತೋರಿಸುವುದೇ ಇಲ್ಲ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳು ಸರಿಯಾದ ಶ್ರುತಿಗೆ ಬಂದಾಗ ಒಟ್ಟು ಎಳೆತ ಸುಮಾರು 70 ಕಿಲೋ. ಆ ಭಾರ ಬಿದ್ದ ಮೇಲೆಯೇ ನೆಕ್ ಎಷ್ಟು ಬಾಗುತ್ತದೆ, ಬ್ರಿಡ್ಜ್ ಎದ್ದು ಬರುತ್ತದೆಯೇ ಎಂಬುದು ಗೊತ್ತಾಗುವುದು.

ಆದ್ದರಿಂದ ಗಿಟಾರ್ ಕೈಗೆ ಬಂದೊಡನೆ ಮಾಡಬೇಕಾದ ಕೆಲಸ ಶ್ರುತಿ ಮಾಡುವುದು. ಫೋನಿನ ಟ್ಯೂನರ್ ಸಾಕು. ದಪ್ಪ ತಂತಿಯಿಂದ ಕ್ರಮವಾಗಿ ಇ, ಎ, ಡಿ, ಜಿ, ಬಿ, ಇ. ತಂತಿಗಳು ತುಂಬ ಹಳೆಯದಾಗಿ ತುಕ್ಕು ಹಿಡಿದಿದ್ದರೆ ನಿಧಾನವಾಗಿ ಏರಿಸಿ, ಒಂದು ತುಂಡಾದರೂ ಆಶ್ಚರ್ಯವಿಲ್ಲ. ಕೀಲಿ ತಿರುಗಿಸುವಾಗ ಕಿವಿಯೂ ಎಚ್ಚರವಾಗಿರಲಿ. ಶ್ರುತಿ ಏರಿಸಿದ ಮೇಲೆ ಕಾಲು ಗಂಟೆ ಹಾಗೇ ಬಿಡಿ. ಆ ಹೊತ್ತಿನಲ್ಲಿ ಬಿರುಕುಗಳನ್ನು ಹುಡುಕಬಹುದು.

ಫೋನಿನ ಟಾರ್ಚನ್ನು ಮೇಲ್ಮೈಗೆ ಓರೆಯಾಗಿ ಹಿಡಿಯಿರಿ. ಕಾಣುವ ಗೆರೆಗಳೆಲ್ಲ ಬಿರುಕಲ್ಲ. ಪಾಲಿಶ್ ಮಾತ್ರ ಸೀಳಿದ ಗೆರೆಗಳು ಹಳೆ ಗಿಟಾರಿನಲ್ಲಿ ಸಾಮಾನ್ಯ, ಅವುಗಳಿಂದ ಹೆಚ್ಚು ಹಾನಿಯಿಲ್ಲ. ಗೆರೆಯ ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿದಾಗ ಅಂಚುಗಳು ಕದಲಿದರೆ ಮರವೇ ಒಡೆದಿದೆ ಎಂದರ್ಥ. ಬ್ರಿಡ್ಜಿನಿಂದ ಕೆಳಗೆ ಬುಡದವರೆಗಿನ ಜಾಗ, ಪಿಕ್‌ಗಾರ್ಡಿನ ಅಂಚು, ಸದ್ದಿನ ರಂಧ್ರದ ಸುತ್ತ, ನೆಕ್ ತಲೆಗೆ ಸೇರುವ ಹಿಂಭಾಗ, ಇವಿಷ್ಟನ್ನು ಬಿಡದೆ ನೋಡಿ. ಕೊನೆಯದು ಎಲ್ಲಕ್ಕಿಂತ ಗಂಭೀರ. ಕೀಲಿಗಳೆಲ್ಲ ಇರುವ ಆ ತಲೆಯನ್ನು ತಂತಿಗಳು ಸದಾ ಮುಂದಕ್ಕೆ ಎಳೆಯುತ್ತಿರುತ್ತವೆ. ಅಲ್ಲಿ ಅಂಟಿಸದೆ ಬಿಟ್ಟ ಬಿರುಕಿದ್ದರೆ ಕೊಳ್ಳಬೇಡಿ. ಮುಂದೆ ಬೆರಳ ಗೆಣ್ಣಿನಿಂದ ಮೇಲ್ಮೈಯನ್ನು ಅಲ್ಲಲ್ಲಿ ತಟ್ಟಿ. ಎಲ್ಲಾದರೂ ‘ಜರ್’ ಎಂಬ ಸದ್ದು ಕೇಳಿದರೆ ಒಳಗಿನ ಆಧಾರಪಟ್ಟಿಯ ಅಂಟು ಬಿಟ್ಟಿರಬಹುದು. ಬ್ರಿಡ್ಜಿನ ಹಿಂಬದಿಯ ಅಂಚಿನಲ್ಲಿ ತೆಳು ಕಾಗದ ತೂರಿಸಿ ನೋಡಿ, ಅದು ಒಳಗೆ ಹೋದರೆ ಬ್ರಿಡ್ಜ್ ಏಳಲು ಶುರುವಾಗಿದೆ.

ಗಿಟಾರ್ ಎಲ್ಲಿ ಇತ್ತು ಎಂದೂ ವಿಚಾರಿಸಿ. ಈ ಮರಕ್ಕೆ ಗಾಳಿಯ ತೇವಾಂಶ 45ರಿಂದ 55 ಶೇಕಡಾ ಇದ್ದರೆ ಹಿತ. ಮಂಗಳೂರಿನ ಮಳೆಗಾಲದಲ್ಲಿ ಮೇಲ್ಮೈ ಉಬ್ಬಿ ತಂತಿಗಳು ಮೇಲೇರುತ್ತವೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮರ ಕುಗ್ಗಿ ಸೀಳುತ್ತದೆ. ಒಣಗಿದ ಗಿಟಾರಿನ ಸುಳಿವು ನೆಕ್ಕಿನ ಅಂಚಿನಲ್ಲೇ ಸಿಗುತ್ತದೆ. ಅಂಚಿನುದ್ದಕ್ಕೂ ಅಂಗೈ ಸವರಿದಾಗ ಲೋಹದ ಫ್ರೆಟ್ ತುದಿಗಳು ಚುಚ್ಚಿದರೆ ಮರ ಕುಗ್ಗಿದೆ.

ಈಗ ತಂತಿಯ ಎತ್ತರ. ಹಳೆ ಗಿಟಾರಿನಲ್ಲಿ ದುಡ್ಡು ಮುಳುಗುವುದು ಇಲ್ಲೇ, ಹಾಗಾಗಿ ಇದಕ್ಕೆ ಹೆಚ್ಚು ಸಮಯ ಕೊಡಿ. 12ನೇ ಫ್ರೆಟ್ಟಿನ ನೆತ್ತಿಯಿಂದ ತಂತಿಯ ತಳದವರೆಗೆ ಮಿಲಿಮೀಟರ್ ಸ್ಕೇಲಿನಲ್ಲಿ ಅಳೆಯಿರಿ. ದಪ್ಪ ಇ ತಂತಿಗೆ ಸುಮಾರು 2.5, ತೆಳು ಇ ತಂತಿಗೆ 2 ಮಿ.ಮೀ. ಇದ್ದರೆ ಚೆನ್ನ. ದಪ್ಪ ತಂತಿ 3.5 ದಾಟಿದರೆ ಹೊಸಬರ ಬೆರಳಿಗೆ ಕಷ್ಟ. ಇಂಥಲ್ಲಿ ಮಾರುವವರು ‘ರಾಡ್ ತಿರುಗಿಸಿದರೆ ಸರಿಹೋಗುತ್ತೆ’ ಎನ್ನುವುದುಂಟು. ಆ ಮಾತನ್ನು ಪರೀಕ್ಷಿಸದೆ ನಂಬಬೇಡಿ. ತಂತಿ ಮೇಲೇರಲು ಮುಖ್ಯವಾಗಿ ಮೂರು ಕಾರಣಗಳಿವೆ, ಟ್ರಸ್ ರಾಡ್ ಸರಿಪಡಿಸುವುದು ಅದರಲ್ಲಿ ಒಂದನ್ನು ಮಾತ್ರ.

ಆ ಒಂದು ಕಾರಣ ನೆಕ್ಕಿನ ಬಾಗು. ದಪ್ಪ ತಂತಿಯನ್ನು ಮೊದಲನೇ ಮತ್ತು 14ನೇ ಫ್ರೆಟ್ಟಿನಲ್ಲಿ ಒಟ್ಟಿಗೆ ಒತ್ತಿ ಹಿಡಿದು 7ನೇ ಫ್ರೆಟ್ಟಿನ ಮೇಲಿನ ಸಂದು ನೋಡಿ. 0.2ರಿಂದ 0.3 ಮಿ.ಮೀ., ಅಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ನೆಕ್ ಬಿಲ್ಲಿನಂತೆ ಮುಂದಕ್ಕೆ ಬಾಗಿದೆ. ಸಂದೇ ಇಲ್ಲದಿದ್ದರೆ ತಂತಿ ಫ್ರೆಟ್ಟಿಗೆ ತಾಗಿ ಗರಗರ ಎನ್ನುತ್ತದೆ. ಇವೆರಡನ್ನೂ ರಾಡ್ ಸರಿಮಾಡಬಲ್ಲದು, ಆದರೆ ರಾಡ್ ಕೆಲಸ ಮಾಡುತ್ತಿರಬೇಕು. ಅದರ ನಟ್ ತಲೆಯ ಮೇಲಿನ ಸಣ್ಣ ಮುಚ್ಚಳದಡಿಯಲ್ಲೋ ಸದ್ದಿನ ರಂಧ್ರದ ಒಳಗೋ ಇರುತ್ತದೆ. ಅದು ಸವೆದು ಗುಂಡಗಾಗಿದೆಯೇ ನೋಡಿ, ಮಾರುವವರಿಂದಲೇ ಕಾಲು ಸುತ್ತು ತಿರುಗಿಸಿಸಿ. ಇನ್ನು ತಲೆಯ ಕಡೆಯಿಂದ ನೆಕ್ಕಿನುದ್ದಕ್ಕೂ ಕಣ್ಣು ಹಾಯಿಸಿದಾಗ ಅದು ಒಂದು ಬದಿಗೆ ತಿರುಚಿಕೊಂಡಂತೆ ಕಂಡರೆ ಬಿಟ್ಟುಬಿಡಿ, ತಿರುಚಿದ್ದನ್ನು ರಾಡ್ ನೇರ ಮಾಡದು.

ಎರಡನೆಯ ಕಾರಣ ಸ್ಯಾಡಲ್, ಅಂದರೆ ಬ್ರಿಡ್ಜಿನ ಮೇಲೆ ತಂತಿಗಳು ಕೂರುವ ಬಿಳಿ ಪಟ್ಟಿ. ಅದು ಎತ್ತರವಾಗಿದ್ದರೆ ತಳ ಉಜ್ಜಿ ಇಳಿಸಬಹುದು, ಖರ್ಚು ಕಡಿಮೆ. ಲೆಕ್ಕ ಸುಲಭ: 12ನೇ ಫ್ರೆಟ್ಟಿನಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ 2 ಮಿ.ಮೀ. ಇಳಿಯಬೇಕು.

ಮೂರನೆಯದು ನೆಕ್ ದೇಹಕ್ಕೆ ಸೇರಿದ ಕೋನ. ವರ್ಷಗಳ ಎಳೆತಕ್ಕೆ ನೆಕ್ಕಿನ ಬುಡವೇ ಮುಂದಕ್ಕೆ ವಾಲುತ್ತದೆ. ಎರಡಡಿಯ ನೇರ ಸ್ಕೇಲನ್ನು ನಡುವಿನ ತಂತಿಗಳ ಮಧ್ಯೆ ಫ್ರೆಟ್ಟುಗಳ ಮೇಲಿಟ್ಟು ಬ್ರಿಡ್ಜಿನವರೆಗೆ ಚಾಚಿ. ತುದಿ ಬ್ರಿಡ್ಜ್ ಮರದ ಮೇಲಂಚಿಗೆ ಸರಿಯಾಗಿ ಬರಬೇಕು. ಕೆಳಗೆ ಬಡಿದರೆ ಕೋನ ತಪ್ಪಿದೆ. ಅಂಟಿಸಿದ ನೆಕ್ಕನ್ನು ಹಬೆ ಕೊಟ್ಟು ಬಿಡಿಸಿ ಮತ್ತೆ ಕೂರಿಸುವ ಕೆಲಸ ಅಗ್ಗದ ಗಿಟಾರಿನ ಬೆಲೆಯನ್ನೇ ಮೀರುತ್ತದೆ.

ಎರಡು ಗಿಟಾರ್‌ಗಳನ್ನು ಹೋಲಿಸಿ ನೋಡಿ. ಮೊದಲನೆಯದರಲ್ಲಿ ದಪ್ಪ ತಂತಿ 4 ಮಿ.ಮೀ. ಎತ್ತರ, ಏಳನೇ ಫ್ರೆಟ್ಟಿನ ಸಂದು 0.7, ಸ್ಯಾಡಲ್ ಬ್ರಿಡ್ಜಿನಿಂದ ಮೇಲೆ 3 ಮಿ.ಮೀ. ಮಾತ್ರ, ಸ್ಕೇಲ್ ಬಡಿಯುವುದು ಬ್ರಿಡ್ಜಿನ ಅಂಚಿಗಿಂತ 4 ಮಿ.ಮೀ. ಕೆಳಗೆ. ರಾಡ್ ಬಿಗಿದರೆ ಎತ್ತರ ಹೆಚ್ಚೆಂದರೆ ಕಾಲು ಮಿ.ಮೀ. ಇಳಿದೀತು. 2.5ಕ್ಕೆ ತರಲು ಉಳಿದ 1.25ಕ್ಕಾಗಿ ಸ್ಯಾಡಲ್ 2.5 ಮಿ.ಮೀ. ಉಜ್ಜಬೇಕು. ಆಗ ಉಳಿಯುವುದು ಅರ್ಧ ಮಿ.ಮೀ., ತಂತಿ ಅದರ ಮೇಲೆ ಒತ್ತಿ ಕೂರುವುದೇ ಇಲ್ಲ, ಸದ್ದು ಸೊರಗುತ್ತದೆ. ಎರಡನೆಯದರಲ್ಲಿ ಎತ್ತರ 3.5, ಸ್ಯಾಡಲ್ 6 ಮಿ.ಮೀ., ಸ್ಕೇಲ್ ಬ್ರಿಡ್ಜಿನ ಅಂಚಿಗೇ ಬಂದು ನಿಲ್ಲುತ್ತದೆ. ಸ್ಯಾಡಲ್ 2 ಮಿ.ಮೀ. ಇಳಿಸಿದರೆ ಕೆಲಸ ಮುಗಿಯಿತು. ಮೊದಲನೆಯದು ಎಷ್ಟೇ ಹೊಳೆಯುತ್ತಿರಲಿ, ನನ್ನ ಆಯ್ಕೆ ಎರಡನೆಯದು.

ಇಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ಟ್ಯೂನರ್ ಹಿಡಿದು ಶ್ರುತಿ ಮತ್ತೆ ನೋಡಿ. ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ. ಪ್ರತಿ ತಂತಿಯನ್ನು ಮೆಲ್ಲಗೆ ಮೇಲಕ್ಕೆಳೆದು ಬಿಟ್ಟು ಶ್ರುತಿ ಸರಿಮಾಡಿ ಹತ್ತು ನಿಮಿಷ ನುಡಿಸಿ. ಮತ್ತೂ ಇಳಿಯುತ್ತಲೇ ಇದ್ದರೆ ಮೂಲ ಹುಡುಕಬೇಕು. ಕೀಲಿ ತಿರುಗಿಸಿದರೂ ಸ್ವರ ಕದಲದೆ, ಆಮೇಲೆ ‘ಟಿಕ್’ ಎಂದು ಒಮ್ಮೆಲೇ ಹಾರಿದರೆ ತಂತಿ ನಟ್ಟಿನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಸೀಳಿಗೆ ಪೆನ್ಸಿಲ್ ಸೀಸ ಸವರಿದರೆ ಹೆಚ್ಚಿನ ಪಾಲು ಸರಿಹೋಗುತ್ತದೆ. ಕೀಲಿಯೇ ಅಲ್ಲಾಡುತ್ತಿದ್ದರೆ ಮೊದಲು ಅದರ ಸ್ಕ್ರೂ ಬಿಗಿದು ನೋಡಿ, ಹಲ್ಲು ಸವೆದಿದ್ದರೆ ಕೀಲಿಗಳನ್ನೇ ಬದಲಿಸಬಹುದು. ಇವೆಲ್ಲ ಬೆಲೆ ಇಳಿಸಲು ಕಾರಣಗಳು, ಗಿಟಾರ್ ಬಿಟ್ಟುಬರಲು ಅಲ್ಲ. ಆದರೆ ಕೀಲಿ, ನಟ್ಟು ಎರಡೂ ಸರಿಯಿದ್ದು ಆರೂ ತಂತಿಗಳ ಶ್ರುತಿ ಒಟ್ಟಿಗೆ ಇಳಿಯುತ್ತಿದ್ದರೆ ಬ್ರಿಡ್ಜನ್ನೂ ತಲೆಯ ಹಿಂಭಾಗವನ್ನೂ ಇನ್ನೊಮ್ಮೆ ಪರೀಕ್ಷಿಸಿ, ಮರವೇ ಜಾರುತ್ತಿರಬಹುದು.

ನೋಡಲು ಹೋಗುವಾಗ ಮಿಲಿಮೀಟರ್ ಸ್ಕೇಲ್, ಎರಡಡಿಯ ಸ್ಕೇಲ್, ಒಂದು ಕಾಗದ, ಫೋನು ಜೊತೆಗಿರಲಿ. ಪೂರ್ತಿ ಶ್ರುತಿ ಏರಿಸಿ ಕಾಲು ಗಂಟೆ ಕಾಯಲು ಮಾರುವವರು ಒಪ್ಪದಿದ್ದರೆ ಆ ಗಿಟಾರಿಗೆ ಮುಂಗಡ ಕೊಡಬೇಡಿ.